ಲೀನಿಯರ್ ರಿಗ್ರೆಷನ್‌ನ ಗೃಹೀತಗಳು: ಯಾವುದು ಮುರಿದರೆ ಗುಣಾಂಕಕ್ಕೆ ಏನಾಗುತ್ತದೆ?

ರಿಗ್ರೆಷನ್ ಕಲಿಯುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಗೃಹೀತಗಳ ಪಟ್ಟಿ ಬಾಯಿಪಾಠವಾಗಿದೆ. ನನ್ನ ಡೇಟಾದಲ್ಲಿ ಒಂದು ಗೃಹೀತ ಮುರಿದಿದೆ ಅಂತ ಪರೀಕ್ಷೆ ಹೇಳುತ್ತಿದೆ. ಈಗ ಬಂದಿರುವ ಗುಣಾಂಕವನ್ನು ನಂಬಬೇಕೋ ಬೇಡವೋ?" ಮುರಿದದ್ದು ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಕೆಲವು ಗೃಹೀತಗಳು ಮುರಿದರೆ ಗುಣಾಂಕವೇ ತಪ್ಪಾಗುತ್ತದೆ, ಡೇಟಾ ಎಷ್ಟು ಹೆಚ್ಚಿಸಿದರೂ ಅದು ಸರಿಹೋಗುವುದಿಲ್ಲ. ಇನ್ನು ಕೆಲವು ಮುರಿದರೆ ಗುಣಾಂಕ ಸರಿಯಾಗಿಯೇ ಇರುತ್ತದೆ, ಅದರ ಪಕ್ಕದಲ್ಲಿ ಬರುವ ಸ್ಟ್ಯಾಂಡರ್ಡ್ ಎರರ್ ಮಾತ್ರ ಸುಳ್ಳು ಹೇಳುತ್ತದೆ. ಬಹಳ ಜನ ಮೊದಲು ಪರೀಕ್ಷಿಸುವ ನಾರ್ಮಲ್ ಹಂಚಿಕೆಯ ಗೃಹೀತ ಮುರಿದರೆ ಆಗುವ ಹಾನಿ ಎಲ್ಲಕ್ಕಿಂತ ಕಡಿಮೆ. ಅದಕ್ಕಾಗಿ ಈ ಲೇಖನದಲ್ಲಿ ಪಠ್ಯಪುಸ್ತಕದ ಕ್ರಮ ಬಿಟ್ಟು, ಹಾನಿ ಹೆಚ್ಚಿರುವ ಕಡೆಯಿಂದ ಶುರು ಮಾಡಿದ್ದೇವೆ.

## ಬೇಕಾದದ್ದು

ಆರ್ ತಂತ್ರಾಂಶ ಇದ್ದರೆ ಸಾಕು. ಅದರ ಜೊತೆಗೇ ಬರುವ `mtcars` ಎಂಬ ಡೇಟಾ ಬಳಸೋಣ. ಇದನ್ನು 1974ರ ಅಮೆರಿಕದ ಮೋಟಾರ್ ಟ್ರೆಂಡ್ ಪತ್ರಿಕೆಯಿಂದ ತೆಗೆದುಕೊಳ್ಳಲಾಗಿದೆ. 1973–74ರ ಮಾದರಿಯ 32 ಕಾರುಗಳ ವಿವರ ಇದರಲ್ಲಿದೆ. ನಮಗೆ ಬೇಕಾದ ಅಂಕಣಗಳು ನಾಲ್ಕೇ: ಮೈಲೇಜ್ `mpg` (ಒಂದು ಅಮೆರಿಕನ್ ಗ್ಯಾಲನ್‌ಗೆ ಎಷ್ಟು ಮೈಲಿ), ತೂಕ `wt` (ಸಾವಿರ ಪೌಂಡ್‌ಗಳಲ್ಲಿ, ಅಂದರೆ 1 ಎಂದರೆ ಸುಮಾರು 454 ಕೆ.ಜಿ.), ಎಂಜಿನ್ ಶಕ್ತಿ `hp`, ಮತ್ತು ಎಂಜಿನ್ ಗಾತ್ರ `disp`.

ಮುಂದೆ ಬರುವ ಕೆಲವು ಪದಗಳು:

- ಗುಣಾಂಕ: ಒಂದು ಅಂಶ ಒಂದು ಘಟಕ ಹೆಚ್ಚಾದಾಗ, ಮಾದರಿಯಲ್ಲಿರುವ ಉಳಿದ ಅಂಶಗಳು ಹಾಗೇ ಇದ್ದಾಗ, ಫಲಿತಾಂಶ ಸರಾಸರಿ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ.
- ದೋಷ ಮತ್ತು ರೆಸಿಡ್ಯುಯಲ್: ನಿಜವಾದ ಸಂಬಂಧದಿಂದ ಪ್ರತಿ ಅಳತೆ ಎಷ್ಟು ಆಚೀಚೆ ಇದೆಯೋ ಅದು ದೋಷ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಾವು ಎಳೆದ ಗೆರೆಯಿಂದ ಪ್ರತಿ ಅಳತೆ ಎಷ್ಟು ಆಚೀಚೆ ಇದೆಯೋ ಅದು ರೆಸಿಡ್ಯುಯಲ್, ಇದನ್ನು ಲೆಕ್ಕ ಹಾಕಬಹುದು. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಆಗುವ ಎಡವಟ್ಟು ಹಂತ 2ರಲ್ಲಿ ಬರುತ್ತದೆ.
- ಸ್ಟ್ಯಾಂಡರ್ಡ್ ಎರರ್: ಇದೇ ರೀತಿಯ ಬೇರೆ ಸ್ಯಾಂಪಲ್ ಸಿಕ್ಕಿದ್ದರೆ ಗುಣಾಂಕ ಎಷ್ಟು ಏರುಪೇರಾಗುತ್ತಿತ್ತು ಎಂಬ ಅಂದಾಜು.
- ಬಯಾಸ್: ಗುಣಾಂಕ ಸರಾಸರಿಯಲ್ಲೇ ಸತ್ಯದಿಂದ ಒಂದು ಕಡೆಗೆ ವಾಲಿರುವುದು.

## ಹಂತ 1: ಸಂಬಂಧ ನೇರವಾಗಿದೆಯೇ?

ಮೊದಲು ಮೈಲೇಜನ್ನು ತೂಕದ ಮೇಲೆ ಹೊಂದಿಸಿ.

```r
m1 <- lm(mpg ~ wt, data = mtcars)
summary(m1)
sort(setNames(mtcars$wt, round(resid(m1), 2)))
```

ತೂಕದ ಗುಣಾಂಕ −5.34, ಸ್ಟ್ಯಾಂಡರ್ಡ್ ಎರರ್ 0.56, R² 0.75. ಇಷ್ಟು ನೋಡಿ "ಚೆನ್ನಾಗಿದೆ" ಎಂದು ಮುಂದೆ ಹೋಗುವವರೇ ಹೆಚ್ಚು. ನೀವು ಮೂರನೇ ಸಾಲಿನ ಫಲಿತಾಂಶವನ್ನು ಓದಿ. ಅದು ಕಾರುಗಳನ್ನು ಹಗುರದಿಂದ ಭಾರದ ಕಡೆಗೆ ಜೋಡಿಸಿ, ಪ್ರತಿ ತೂಕದ ಮೇಲೆ ಅದರ ರೆಸಿಡ್ಯುಯಲ್ ಬರೆಯುತ್ತದೆ. ಅತಿ ಹಗುರವಾದ ಆರು ಕಾರುಗಳ ರೆಸಿಡ್ಯುಯಲ್‌ಗಳೂ ಧನಾತ್ಮಕ. ಅವುಗಳಲ್ಲಿ ಟೊಯೋಟಾ ಕೊರೊಲ್ಲಾ +6.42, ಫಿಯಟ್ 128 +6.87. ಇನ್ನೊಂದು ತುದಿಗೆ ಹೋದರೆ ಅತಿ ಭಾರವಾದ ಮೂರು ಕಾರುಗಳದ್ದೂ ಧನಾತ್ಮಕವೇ. ಕ್ರೈಸ್ಲರ್ ಇಂಪೀರಿಯಲ್ +5.98. ಋಣಾತ್ಮಕವಾದವೆಲ್ಲ ನಡುವೆ ಸೇರಿಕೊಂಡಿವೆ. ಎರಡು ತುದಿಯಲ್ಲಿ ಕಾರುಗಳು ಗೆರೆಗಿಂತ ಮೇಲೆ, ಮಧ್ಯದಲ್ಲಿ ಹೆಚ್ಚಿನವು ಗೆರೆಗಿಂತ ಕೆಳಗೆ ಎಂದರೆ ನಿಜವಾದ ಸಂಬಂಧ ಬಾಗಿದೆ, ನಾವು ಅದಕ್ಕೆ ನೇರ ಗೆರೆ ಎಳೆದಿದ್ದೇವೆ.

ಇದರಿಂದ ಗುಣಾಂಕಕ್ಕೆ ಏನಾಯಿತು? ತೂಕದ ವರ್ಗವನ್ನೂ ಸೇರಿಸಿ ನೋಡಿ.

```r
m1b <- lm(mpg ~ wt + I(wt^2), data = mtcars)
coef(m1b)
```

ಈಗ `wt` ಗುಣಾಂಕ −13.38, ವರ್ಗದ್ದು +1.17. ಯಾವುದೇ ತೂಕದಲ್ಲಿ ಇಳಿಜಾರು ಎಷ್ಟು ಎಂದು ತಿಳಿಯಲು −13.38 + 2 × 1.17 × ತೂಕ ಎಂದು ಲೆಕ್ಕ ಹಾಕಿ. 2,000 ಪೌಂಡ್ ಆಸುಪಾಸಿನಲ್ಲಿ ಪ್ರತಿ ಸಾವಿರ ಪೌಂಡ್‌ಗೆ −8.7ರ ದರದಲ್ಲಿ ಮೈಲೇಜ್ ಇಳಿಯುತ್ತದೆ. 3,500ಕ್ಕೆ ಬಂದಾಗ ಆ ದರ −5.2, 5,000ದ ಹತ್ತಿರ −1.7. ಮೊದಲು ಬಂದ −5.34 ಇವೆಲ್ಲವನ್ನೂ ಕಲಸಿದ ಒಂದು ಸರಾಸರಿ. ಸಣ್ಣ ಕಾರಿನ ತೂಕ ಇಳಿಸಿದರೆ ಎಷ್ಟು ಲಾಭ ಎಂದು ಅದರಿಂದ ಹೇಳಹೊರಟರೆ ಲಾಭವನ್ನು ತೀರಾ ಕಡಿಮೆ ಅಂದಾಜಿಸಿದಂತೆ; ದೊಡ್ಡ ಕಾರಿಗೆ ಅದೇ ಸಂಖ್ಯೆ ಹಚ್ಚಿದರೆ ತೀರಾ ಹೆಚ್ಚು ಅಂದಾಜಿಸಿದಂತೆ. ಇನ್ನೊಂದು ತೊಂದರೆಯೂ ಇದೆ: ಆ ಸರಾಸರಿ ನಿಮ್ಮ ಸ್ಯಾಂಪಲ್‌ನಲ್ಲಿ ಎಂಥ ಕಾರುಗಳು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಹಗುರ ಕಾರುಗಳೇ ಹೆಚ್ಚಿರುವ ಇನ್ನೊಂದು ಡೇಟಾದಲ್ಲಿ, ಪ್ರಪಂಚದ ನಿಯಮ ಏನೂ ಬದಲಾಗದೆ, ಗುಣಾಂಕ ಬೇರೆಯೇ ಬರುತ್ತದೆ.

ಸರಿಪಡಿಸುವಾಗ ವರ್ಗದ ಪದ ಒಂದೇ ದಾರಿಯಲ್ಲ, ಬಹಳ ಸಲ ಒಳ್ಳೆಯ ದಾರಿಯೂ ಅಲ್ಲ. ಮೇಲಿನ ಸಮೀಕರಣದಲ್ಲಿ 5,700 ಪೌಂಡ್ ದಾಟಿದರೆ ತೂಕ ಹೆಚ್ಚಿದಂತೆ ಮೈಲೇಜ್ ಏರತೊಡಗುತ್ತದೆ. ಅದು ಅಸಂಬದ್ಧ. ಡೇಟಾದ ಅತಿ ಭಾರದ ಕಾರೇ 5,424 ಪೌಂಡ್ ಇರುವುದರಿಂದ ಅದು ಮೇಲ್ನೋಟಕ್ಕೆ ಕಾಣುವುದಿಲ್ಲ. ಮೊದಲು ವಿಷಯವನ್ನೇ ಯೋಚಿಸಿ: ಕಾರನ್ನು ಮುಂದೆ ತಳ್ಳಲು ಬೇಕಾದ ಇಂಧನ ಸರಿಸುಮಾರು ತೂಕಕ್ಕೆ ತಕ್ಕಂತೆ ಏರುತ್ತದೆ. ಮೈಲೇಜ್ ಎನ್ನುವುದು ಇಂಧನ ಬಳಕೆಯ ತಲೆಕೆಳಗಾದ ರೂಪ. ಆದ್ದರಿಂದ `I(1/mpg)`, ಅಂದರೆ ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನು ಫಲಿತಾಂಶವಾಗಿ ಇಟ್ಟರೆ ನೇರ ಗೆರೆಗೆ ಭೌತಿಕ ಆಧಾರವೂ ಸಿಗುತ್ತದೆ. ಅಳತೆಯ ರೂಪ ಬದಲಿಸಿದರೆ ಗುಣಾಂಕದ ಅರ್ಥವೂ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

## ಹಂತ 2: ಬಿಟ್ಟುಹೋದ ಅಂಶವೊಂದು ಗುಣಾಂಕದೊಳಗೆ ಸೇರಿಕೊಂಡಿದೆಯೇ?

ಎಲ್ಲಕ್ಕಿಂತ ದೊಡ್ಡ ಗೃಹೀತ ಇದೇ: ದೋಷಕ್ಕೂ ನಾವು ಬಳಸಿದ ಅಂಶಗಳಿಗೂ ನಂಟು ಇರಬಾರದು. ಮೈಲೇಜ್ ಮೇಲೆ ಪ್ರಭಾವ ಬೀರುವ, ಆದರೆ ನಾವು ಮಾದರಿಯಲ್ಲಿ ಸೇರಿಸದ ಎಲ್ಲವೂ ದೋಷದ ಚೀಲದಲ್ಲಿರುತ್ತವೆ. ಆ ಚೀಲದಲ್ಲಿರುವ ಯಾವುದಾದರೂ ತೂಕದ ಜೊತೆ ಏರಿಳಿಯುತ್ತಿದ್ದರೆ, ಅದರ ಪ್ರಭಾವವೂ ತೂಕದ ಲೆಕ್ಕಕ್ಕೇ ಬೀಳುತ್ತದೆ. ಭಾರದ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಶಕ್ತಿಯೂ ಹೆಚ್ಚು. ಹಾಗಾಗಿ `hp` ಸೇರಿಸಿ ನೋಡೋಣ.

```r
m2 <- lm(mpg ~ wt + hp, data = mtcars)
coef(m2)
coef(lm(hp ~ wt, data = mtcars))
```

`m2`ನಲ್ಲಿ ತೂಕದ ಗುಣಾಂಕ −5.34ರಿಂದ −3.88ಕ್ಕೆ ಇಳಿಯಿತು. `hp` ಗುಣಾಂಕ −0.0318. ಕೊನೆಯ ಸಾಲು, ತೂಕ ಸಾವಿರ ಪೌಂಡ್ ಹೆಚ್ಚಿದರೆ ಶಕ್ತಿ ಸರಾಸರಿ 46.16 ಎಚ್‌ಪಿ ಹೆಚ್ಚುತ್ತದೆ ಎನ್ನುತ್ತದೆ. ಈಗ ಕೈಯಲ್ಲೇ ಲೆಕ್ಕ ಹಾಕಿ:

```
-3.878 + (-0.03177 × 46.16) = -5.344
```

ಮೊದಲು ಬಂದಿದ್ದ ಗುಣಾಂಕ ಮೂರು ದಶಮಾಂಶದವರೆಗೂ ಸರಿಯಾಗಿ ಸಿಕ್ಕಿತು. ಇದು ಕಾಕತಾಳೀಯವಲ್ಲ, `lm` ಬಳಸುವ ಕನಿಷ್ಠ ವರ್ಗ ವಿಧಾನದಲ್ಲಿ ಯಾವ ಡೇಟಾಕ್ಕೂ ಒಪ್ಪುವ ಬೀಜಗಣಿತದ ಸಮತೆ. ಬಿಟ್ಟುಹೋದ ಅಂಶದಿಂದ ಬರುವ ವಾಲುವಿಕೆ ಎಂದರೆ, ಆ ಅಂಶ ಫಲಿತಾಂಶದ ಮೇಲೆ ಬೀರುವ ಪ್ರಭಾವವನ್ನು, ಅದು ನಮ್ಮ ಅಂಶದೊಂದಿಗೆ ಹೇಗೆ ಏರಿಳಿಯುತ್ತದೆ ಎಂಬುದರೊಂದಿಗೆ ಗುಣಿಸಿದ್ದು. ಎರಡರಲ್ಲಿ ಒಂದು ಸೊನ್ನೆಯಾದರೂ ವಾಲುವಿಕೆ ಇಲ್ಲ. ಹಾಗಾಗಿ "ಏನೋ ಒಂದು ಬಿಟ್ಟುಹೋಗಿದೆ" ಎಂಬುದಷ್ಟೇ ಆಕ್ಷೇಪವಾಗುವುದಿಲ್ಲ. ಬಿಟ್ಟುಹೋದದ್ದು ಎರಡೂ ಕಡೆ ಕೈ ಹಾಕಿರಬೇಕು.

ಈ ಗುಣಾಕಾರದ ದೊಡ್ಡ ಉಪಯೋಗ ಇರುವುದು, ಬಿಟ್ಟುಹೋದ ಅಂಶದ ಡೇಟಾ ನಿಮ್ಮ ಹತ್ತಿರ ಇಲ್ಲದಾಗ. ಕನಿಷ್ಠ ಎರಡರ ಚಿಹ್ನೆಯನ್ನು ಊಹಿಸಿ. ಪ್ಲಸ್ ಪ್ಲಸ್ ಅಥವಾ ಮೈನಸ್ ಮೈನಸ್ ಆದರೆ ಗುಣಾಂಕ ಧನಾತ್ಮಕ ಕಡೆಗೆ ವಾಲಿದೆ. ಒಂದು ಪ್ಲಸ್ ಒಂದು ಮೈನಸ್ ಆದರೆ ಋಣಾತ್ಮಕ ಕಡೆಗೆ. ಇಲ್ಲಿ ಶಕ್ತಿ ಮೈಲೇಜನ್ನು ಇಳಿಸುತ್ತದೆ (ಮೈನಸ್), ತೂಕದೊಂದಿಗೆ ಏರುತ್ತದೆ (ಪ್ಲಸ್). ಹಾಗಾಗಿ ತೂಕದ ಗುಣಾಂಕ ಬೇಕಾದ್ದಕ್ಕಿಂತ ಹೆಚ್ಚು ಋಣಾತ್ಮಕವಾಗಿ ಕಂಡಿತು.

ಇಲ್ಲಿ ಎರಡು ಕಡೆ ಎಚ್ಚರ ಬೇಕು.

ಮೊದಲನೆಯದು: ಈ ಗೃಹೀತವನ್ನು ರೆಸಿಡ್ಯುಯಲ್ ನೋಡಿ ಪರೀಕ್ಷಿಸಲು ಆಗುವುದಿಲ್ಲ. `cor(resid(m1), mtcars$wt)` ಎಂದು ಕೊಡಿ. ಉತ್ತರ ಸೊನ್ನೆ, ಅಥವಾ ಕಂಪ್ಯೂಟರ್ ಲೆಕ್ಕದ ಅತಿ ಸಣ್ಣ ಶೇಷ. `hp` ಬಿಟ್ಟುಹೋಗಿದೆ ಎಂದು ಈಗಷ್ಟೇ ನೋಡಿದ್ದರೂ ಸೊನ್ನೆಯೇ ಬರುತ್ತದೆ. ಕಾರಣ, ರೆಸಿಡ್ಯುಯಲ್‌ಗೂ ತೂಕಕ್ಕೂ ನಂಟು ಉಳಿಯದಂತೆ ಗೆರೆ ಎಳೆಯುವುದೇ ಈ ವಿಧಾನದ ಕೆಲಸ. ದೋಷಕ್ಕೆ ನಂಟು ಇತ್ತೋ ಇಲ್ಲವೋ ಎಂಬುದನ್ನು ವಿಷಯಜ್ಞಾನದಿಂದ, ಡೇಟಾ ಹೇಗೆ ಬಂತು ಎಂಬುದರಿಂದ ಮಾತ್ರ ವಾದಿಸಬಹುದು. ಯಾವ ಪ್ಲಾಟ್ ಕೂಡ ಇದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ.

ಎರಡನೆಯದು: ಸಿಕ್ಕಿದ್ದನ್ನೆಲ್ಲ ಸೇರಿಸುವುದು ಪರಿಹಾರವಲ್ಲ. ನಿಮ್ಮ ಪ್ರಶ್ನೆ ಏನು ಎಂದು ಮೊದಲು ಬರೆದಿಟ್ಟುಕೊಳ್ಳಿ. "ಒಂದೇ ಶಕ್ತಿಯ ಎರಡು ಕಾರುಗಳಲ್ಲಿ ಸಾವಿರ ಪೌಂಡ್ ಹೆಚ್ಚು ತೂಗುವುದರ ಮೈಲೇಜ್ ಎಷ್ಟು ಕಡಿಮೆ?" ಎಂಬುದು ಪ್ರಶ್ನೆಯಾದರೆ −3.88 ಸರಿಯಾದ ದಿಕ್ಕಿನ ಉತ್ತರ. ಆದರೆ "ಕಾರನ್ನು ಭಾರವಾಗಿ ವಿನ್ಯಾಸ ಮಾಡಿದರೆ ಒಟ್ಟು ಎಷ್ಟು ಮೈಲೇಜ್ ಹೋಗುತ್ತದೆ?" ಎಂಬುದು ಪ್ರಶ್ನೆಯಾದರೆ, ಭಾರದ ಕಾರಿಗೆ ದೊಡ್ಡ ಎಂಜಿನ್ ಹಾಕಲೇಬೇಕಾಗುತ್ತದೆ, ಆ ಎಂಜಿನ್ ಕುಡಿಯುವ ಇಂಧನವೂ ತೂಕದ ಪರಿಣಾಮವೇ. ಆಗ `hp` ಸೇರಿಸಿದರೆ ನೀವು ಅಳೆಯಹೊರಟ ಪರಿಣಾಮದ ಒಂದು ಭಾಗವನ್ನು ನೀವೇ ಕತ್ತರಿಸಿ ಹಾಕಿದಂತೆ. ಸೇರಿಸುವ ಅಂಶ ಕಾರಣದ ಹಿಂದಿನದೋ, ಕಾರಣ ಮತ್ತು ಫಲಿತಾಂಶದ ನಡುವಿನ ಕೊಂಡಿಯೋ ಎಂಬುದನ್ನು ತೀರ್ಮಾನಿಸದೆ ಮಾದರಿಗೆ ಕೈ ಹಾಕಬೇಡಿ.

ದೋಷದೊಂದಿಗೆ ನಂಟು ಬರುವ ಇನ್ನೊಂದು ದಾರಿ, ಫಲಿತಾಂಶವೇ ಕಾರಣದ ಮೇಲೆ ತಿರುಗಿ ಪ್ರಭಾವ ಬೀರುವುದು. ಮಾರುಕಟ್ಟೆಯಲ್ಲಿ ಈರುಳ್ಳಿಯ ಬೆಲೆ ಮಾರಾಟವನ್ನು ಬದಲಿಸುತ್ತದೆ, ಬೇಡಿಕೆ ಏರಿದರೆ ಬೆಲೆಯೂ ಏರುತ್ತದೆ. ಅಂಥ ಡೇಟಾದಲ್ಲಿ ಮಾರಾಟವನ್ನು ಬೆಲೆಯ ಮೇಲೆ ರಿಗ್ರೆಸ್ ಮಾಡಿದರೆ ಸಿಗುವ ಗುಣಾಂಕ ಬೇಡಿಕೆಯದ್ದೂ ಅಲ್ಲ, ಪೂರೈಕೆಯದ್ದೂ ಅಲ್ಲ, ಎರಡರ ಮಿಶ್ರಣ. ಅಂಶಗಳನ್ನು ಸೇರಿಸುತ್ತ ಹೋದರೆ ಇದು ಬಗೆಹರಿಯುವುದಿಲ್ಲ. ಮಳೆ ಕೊರತೆಯಂತೆ ಪೂರೈಕೆಯನ್ನು ಮಾತ್ರ ಅಲುಗಿಸುವ ಹೊರಗಿನ ಕಾರಣವೊಂದು ಬೇಕು.

## ಹಂತ 3: ಅಂಶವನ್ನು ಸರಿಯಾಗಿ ಅಳೆದಿದ್ದೀರಾ?

ಪಠ್ಯಪುಸ್ತಕದ ಪಟ್ಟಿಗಳಲ್ಲಿ ಇದು ಎಷ್ಟೋ ಸಲ ಇರುವುದೇ ಇಲ್ಲ. ಸಮೀಕ್ಷೆಯಲ್ಲಿ ಜನ ಹೇಳಿದ ಆದಾಯ, ನೆನಪಿನಿಂದ ಹೇಳಿದ ಊಟದ ಪ್ರಮಾಣ, ಅಂದಾಜಿನ ಜಮೀನು ವಿಸ್ತೀರ್ಣ, ಇಂಥ ಅಳತೆಗಳಲ್ಲೆಲ್ಲ ತಪ್ಪು ಸೇರಿರುತ್ತದೆ. ತಪ್ಪು ಯಾವ ಕಡೆಗೂ ವಾಲದೆ ಗೊತ್ತುಗುರಿಯಿಲ್ಲದೆ ಹೆಚ್ಚು ಕಡಿಮೆ ಆಗುತ್ತಿದ್ದರೂ ಗುಣಾಂಕ ಕೆಡುತ್ತದೆ. ಇದನ್ನು ಕಣ್ಣಾರೆ ನೋಡಲು, ಕಾರಿನ ತೂಕಕ್ಕೆ ನಾವೇ ತಪ್ಪು ಬೆರೆಸೋಣ. ತೂಕದಲ್ಲಿ ಸಹಜವಾಗಿ ಎಷ್ಟು ಏರಿಳಿತ ಇದೆಯೋ ಅಷ್ಟೇ ತಪ್ಪು.

```r
set.seed(1)
b <- replicate(5000, {
  w <- mtcars$wt + rnorm(32, sd = sd(mtcars$wt))
  coef(lm(mpg ~ w, data = mtcars))["w"]
})
mean(b)
```

ಸರಾಸರಿ ಗುಣಾಂಕ ಸುಮಾರು −2.7. −5.34 ಇದ್ದದ್ದು ಅರ್ಧವಾಯಿತು. ಸೂತ್ರ ಸರಳ: ನಿಜವಾದ ಏರಿಳಿತದ ವೇರಿಯನ್ಸ್ ಅನ್ನು, ನಿಜದ್ದು ಮತ್ತು ತಪ್ಪಿನದು ಸೇರಿದ ಒಟ್ಟು ವೇರಿಯನ್ಸ್‌ನಿಂದ ಭಾಗಿಸಿ, ಗುಣಾಂಕ ಅಷ್ಟು ಪಾಲಿಗೆ ಕುಗ್ಗುತ್ತದೆ. ಇಲ್ಲಿ ಎರಡೂ ಸಮ, ಹಾಗಾಗಿ ಅರ್ಧ. 32 ಕಾರುಗಳ ಬದಲು 32 ಲಕ್ಷ ಇದ್ದರೂ ಅರ್ಧವೇ. ತಪ್ಪು ಇರುವುದು ಫಲಿತಾಂಶದಲ್ಲಿ, ಅಂದರೆ `mpg` ಅಳತೆಯಲ್ಲಿ ಆಗಿದ್ದರೆ ಮತ್ತು ಆ ತಪ್ಪಿಗೆ ತೂಕದೊಂದಿಗೆ ನಂಟಿಲ್ಲದಿದ್ದರೆ, ಗುಣಾಂಕ ವಾಲುತ್ತಿರಲಿಲ್ಲ, ಸ್ಟ್ಯಾಂಡರ್ಡ್ ಎರರ್ ಮಾತ್ರ ಹೆಚ್ಚುತ್ತಿತ್ತು.

"ಕುಗ್ಗುತ್ತದೆ ತಾನೇ, ಹಾಗಾದರೆ ನನ್ನ ಫಲಿತಾಂಶ ಎಚ್ಚರಿಕೆಯ ಅಂದಾಜು" ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಒಂದೇ ಅಂಶವಿದ್ದಾಗ ಮಾತ್ರ ಅದು ನಿಜ. ಮೇಲಿನ ಕೋಡ್‌ನಲ್ಲಿ ಸೂತ್ರವನ್ನು `mpg ~ w + hp` ಎಂದು ಬದಲಿಸಿ, `["w"]` ಇದ್ದಲ್ಲಿ `["hp"]` ಹಾಕಿ ಓಡಿಸಿ. ಸರಿಯಾಗಿ ಅಳೆದ `hp` ಗುಣಾಂಕ −0.032ರಿಂದ ಸುಮಾರು −0.055ಕ್ಕೆ ಬೆಳೆಯುತ್ತದೆ, ತೂಕದ್ದು −3.88ರಿಂದ ಸುಮಾರು −1.4ಕ್ಕೆ ಬೀಳುತ್ತದೆ. ಸರಿಯಾಗಿ ಅಳೆಯದ ತೂಕ ತನ್ನ ಪಾಲನ್ನು ಪೂರ್ತಿ ಹೊರಲಾರದೆ, ಉಳಿದದ್ದು ಅದರೊಂದಿಗೆ ನಂಟಿರುವ `hp` ಮೇಲೆ ಬಿತ್ತು. ಆದಾಯವನ್ನು ಅಂದಾಜಿನಲ್ಲಿ ಅಳೆದು "ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ, ಆದರೂ ಶಿಕ್ಷಣದ ಪರಿಣಾಮ ಉಳಿದಿದೆ" ಎನ್ನುವ ವರದಿಗಳನ್ನು ಓದುವಾಗ ಇದನ್ನು ನೆನಪಿಡಿ: ಆ ಶಿಕ್ಷಣದ ಗುಣಾಂಕದಲ್ಲಿ ಆದಾಯದ ಪಾಲು ಇನ್ನೂ ಉಳಿದಿರಬಹುದು. ಪರಿಹಾರಕ್ಕೆ ಒಂದೇ ವ್ಯಕ್ತಿಯನ್ನು ಎರಡು ಸಲ ಅಳೆದ ಸಣ್ಣ ಉಪಸ್ಯಾಂಪಲ್ ಆದರೂ ಬೇಕು. ಅದರಿಂದ ತಪ್ಪಿನ ವೇರಿಯನ್ಸ್ ಎಷ್ಟೆಂದು ಅಂದಾಜಿಸಿ ಗುಣಾಂಕವನ್ನು ತಿದ್ದಬಹುದು.

ಇಲ್ಲಿಯವರೆಗಿನ ಮೂರು ಹಂತಗಳಲ್ಲಿ ಕೆಟ್ಟದ್ದು ಗುಣಾಂಕವೇ. ಮುಂದಿನ ಎರಡರಲ್ಲಿ ಕೆಡುವುದು ಸ್ಟ್ಯಾಂಡರ್ಡ್ ಎರರ್.

## ಹಂತ 4: ದೋಷದ ಹರಡುವಿಕೆ ಎಲ್ಲ ಕಡೆ ಒಂದೇ ಇದೆಯೇ?

ಇದರ ಹೆಸರು ಹೋಮೋಸ್ಕೆಡಾಸ್ಟಿಸಿಟಿ, ಮುರಿದರೆ ಹೆಟೆರೋಸ್ಕೆಡಾಸ್ಟಿಸಿಟಿ. ಕಡಿಮೆ ಆದಾಯದ ಮನೆಗಳ ಖರ್ಚು ಸಾಮಾನ್ಯವಾಗಿ ಒಂದು ಕಿರಿದಾದ ಪಟ್ಟಿಯೊಳಗೆ ಇರುತ್ತದೆ, ಹೆಚ್ಚು ಆದಾಯದವರದ್ದು ಅಗಲವಾಗಿ ಹರಡುತ್ತದೆ. ಅಂಥ ಡೇಟಾದಲ್ಲೂ ಗುಣಾಂಕದಲ್ಲಿ ಬಯಾಸ್ ಇಲ್ಲ. ಸತ್ಯ ಗೊತ್ತಿರುವ ಕೃತಕ ಡೇಟಾದಲ್ಲಿ ಪರೀಕ್ಷಿಸಿ. ಇಲ್ಲಿ ನಿಜವಾದ ಇಳಿಜಾರು 3.

```r
set.seed(1)
hit <- replicate(5000, {
  x <- rnorm(200)
  y <- 2 + 3*x + abs(x)*rnorm(200)
  ci <- confint(lm(y ~ x))["x", ]
  ci[1] < 3 & 3 < ci[2]
})
mean(hit)
```

ಗುಣಾಂಕಗಳ ಸರಾಸರಿ ತೆಗೆದರೆ 3ರ ಪಕ್ಕದಲ್ಲೇ ಇರುತ್ತದೆ. ಆದರೆ 100ರಲ್ಲಿ 95 ಸಲ ಸತ್ಯವನ್ನು ಒಳಗೊಳ್ಳಬೇಕಾದ ವಿಶ್ವಾಸ ಮಧ್ಯಂತರ, 75 ಸಲದ ಆಸುಪಾಸಿನಲ್ಲಷ್ಟೇ ಒಳಗೊಳ್ಳುತ್ತದೆ. ಇಲ್ಲಿ ಮಧ್ಯದಿಂದ ದೂರ ಹೋದಂತೆ ದೋಷ ದೊಡ್ಡದಾಗುತ್ತದೆ, ಇಳಿಜಾರನ್ನು ನಿರ್ಧರಿಸುವುದರಲ್ಲಿ ಹೆಚ್ಚು ತೂಕ ಇರುವುದೂ ಆ ದೂರದ ಬಿಂದುಗಳಿಗೇ. ಸಾಮಾನ್ಯ ಸೂತ್ರಕ್ಕೆ ಇದು ಗೊತ್ತಿಲ್ಲ. ಅದು ಎಲ್ಲ ಕಡೆಯ ದೋಷದ ಸರಾಸರಿ ಹಿಡಿದು ಲೆಕ್ಕ ಹಾಕುತ್ತದೆ. ಡೇಟಾ ಬಹಳ ದೊಡ್ಡದಾದಾಗ ಈ ಉದಾಹರಣೆಯಲ್ಲಿ ನಿಜವಾದ ಅನಿಶ್ಚಿತತೆ ಸೂತ್ರ ಹೇಳುವುದರ 1.73 ಪಟ್ಟು. ಇದಕ್ಕೆ ತದ್ವಿರುದ್ಧವೂ ಆಗಬಹುದು: ದೋಷ ಮಧ್ಯದಲ್ಲಿ ದೊಡ್ಡದು, ತುದಿಗಳಲ್ಲಿ ಸಣ್ಣದು ಆದರೆ ಸೂತ್ರ ಅನಿಶ್ಚಿತತೆಯನ್ನು ಹೆಚ್ಚಾಗಿ ಹೇಳುತ್ತದೆ.

ಪರಿಹಾರ ಸುಲಭ. ಹಾಲ್ಬರ್ಟ್ ವೈಟ್ 1980ರಲ್ಲಿ ಅರ್ಥಶಾಸ್ತ್ರಜ್ಞರಿಗೆ ಪರಿಚಯಿಸಿದ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಬಳಸಿ. ಸ್ಯಾಂಪಲ್ ಸಣ್ಣದಿದ್ದರೆ ಅದರ `HC3` ಎಂಬ ರೂಪ ಒಳ್ಳೆಯದು.

```r
install.packages(c("lmtest", "sandwich"))
library(lmtest); library(sandwich)
coeftest(m2, vcov = vcovHC(m2, type = "HC3"))
```

ಗುಣಾಂಕ ಒಂದಿಷ್ಟೂ ಬದಲಾಗುವುದಿಲ್ಲ, ಪಕ್ಕದ ಅಂಕಣ ಮಾತ್ರ ಬದಲಾಗುತ್ತದೆ. ಮೊದಲು ಪರೀಕ್ಷೆ ಮಾಡಿ, "ಸಮಸ್ಯೆ ಇದೆ" ಎಂದು ಬಂದರೆ ಮಾತ್ರ ಇದನ್ನು ಬಳಸುವ ಅಭ್ಯಾಸ ಬೇಡ. ಸಣ್ಣ ಸ್ಯಾಂಪಲ್‌ನಲ್ಲಿ ಆ ಪರೀಕ್ಷೆಗಳಿಗೆ ಸಮಸ್ಯೆ ಹಿಡಿಯುವ ಶಕ್ತಿ ಕಡಿಮೆ. ಮತ್ತೆ ಇನ್ನೊಂದು ಮಾತು: ರೋಬಸ್ಟ್ ಎಂಬ ಹೆಸರು ನೋಡಿ ಅದು ಹಂತ 1, 2, 3ರ ತೊಂದರೆಗಳನ್ನೂ ತಡೆಯುತ್ತದೆ ಎಂದುಕೊಳ್ಳಬೇಡಿ. ವಾಲಿದ ಗುಣಾಂಕಕ್ಕೆ ನಿಖರವಾದ ಮಧ್ಯಂತರ ಕಟ್ಟಿದರೆ ಸಿಗುವುದು ತಪ್ಪು ಜಾಗದಲ್ಲಿ ನಿಂತ ಮಧ್ಯಂತರ.

## ಹಂತ 5: ಸಾಲುಗಳು ಒಂದಕ್ಕೊಂದು ಸ್ವತಂತ್ರವೇ?

`mtcars`ನಲ್ಲಿ 32 ಸಾಲುಗಳಿವೆ, ಆದರೆ ಅವುಗಳಲ್ಲಿ 7 ಮರ್ಸಿಡಿಸ್ ಕಾರುಗಳು. 280 ಮತ್ತು 280ಸಿ ಎರಡರ ತೂಕವೂ 3,440 ಪೌಂಡ್, ಶಕ್ತಿಯೂ 123 ಎಚ್‌ಪಿ. 450 ಸರಣಿಯ ಮೂರರದ್ದೂ 180 ಎಚ್‌ಪಿ. ಇವನ್ನು ಏಳು ಸ್ವತಂತ್ರ ಸಾಕ್ಷಿಗಳು ಎಂದು ಎಣಿಸುವುದು ಸರಿಯಲ್ಲ. ಒಂದೇ ಕಂಪನಿಯ ವಿನ್ಯಾಸ, ಒಂದೇ ಗೇರ್ ವ್ಯವಸ್ಥೆಯ ಒಲವು ಎಲ್ಲದರ ದೋಷದಲ್ಲೂ ಸೇರಿರುತ್ತದೆ. ಒಂದೇ ಶಾಲೆಯ ಮಕ್ಕಳು, ಒಂದೇ ಹಳ್ಳಿಯ ಮನೆಗಳು, ಒಂದೇ ಅಂಗಡಿಯ ದಿನದಿನದ ಮಾರಾಟ, ಎಲ್ಲ ಕಡೆಯೂ ಇದೇ ಕಥೆ.

ಗುಣಾಂಕ ಇಲ್ಲೂ ಸಾಮಾನ್ಯವಾಗಿ ವಾಲುವುದಿಲ್ಲ. ಸ್ಟ್ಯಾಂಡರ್ಡ್ ಎರರ್ ಎಷ್ಟು ಸುಳ್ಳಾಗುತ್ತದೆ ಎಂದು ಅಂದಾಜಿಸಲು ಒಂದು ಲೆಕ್ಕವಿದೆ. ಪ್ರತಿ ಗುಂಪಿನಲ್ಲಿ m ಸಾಲುಗಳಿದ್ದು, ಗುಂಪಿನೊಳಗಿನ ದೋಷಗಳ ನಡುವಿನ ಸಹಸಂಬಂಧ ρ ಆಗಿದ್ದು, ನಿಮ್ಮ ಅಂಶ ಇಡೀ ಗುಂಪಿಗೆ ಒಂದೇ ಆಗಿದ್ದರೆ, ನಿಜವಾದ ವೇರಿಯನ್ಸ್ ಸೂತ್ರದ್ದಕ್ಕಿಂತ 1 + (m − 1)ρ ಪಟ್ಟು. ಗುಂಪಿಗೆ 7 ಸಾಲು, ρ 0.5 ಆದರೆ ಇದು 4. ಸ್ಟ್ಯಾಂಡರ್ಡ್ ಎರರ್ ಎರಡು ಪಟ್ಟಾಗಬೇಕಿತ್ತು. ρ ಬರೀ 0.05 ಇದ್ದರೂ, ಗುಂಪಿನಲ್ಲಿ 61 ಮಕ್ಕಳಿದ್ದರೆ ಅದೇ 4 ಬರುತ್ತದೆ. ಶಾಲಾಮಟ್ಟದ ಯೋಜನೆಯೊಂದರ ಪರಿಣಾಮವನ್ನು ಮಕ್ಕಳ ಸಾಲುಗಳ ಮೇಲೆ ಲೆಕ್ಕ ಹಾಕುವವರು ಎಡವುವುದು ಇಲ್ಲೇ: ಸಾವಿರಾರು ಮಕ್ಕಳಿದ್ದರೂ ಲೆಕ್ಕಕ್ಕೆ ಬರುವುದು ಎಷ್ಟು ಶಾಲೆಗಳು ಎಂಬುದು.

ಪರಿಹಾರವಾಗಿ ಅದೇ `sandwich` ಪ್ಯಾಕೇಜಿನ `vcovCL` ಬಳಸಿ, `cluster` ಎಂಬಲ್ಲಿ ಗುಂಪಿನ ಹೆಸರು ಕೊಡಿ. ಗುಂಪುಗಳ ಸಂಖ್ಯೆ ತೀರಾ ಕಡಿಮೆ ಇದ್ದರೆ, ಹತ್ತೋ ಹದಿನೈದೋ ಆದರೆ, ಈ ತಿದ್ದುಪಡಿಯೂ ಅನಿಶ್ಚಿತತೆಯನ್ನು ಕಡಿಮೆ ಹೇಳುತ್ತದೆ. ಕಾಲಾನುಕ್ರಮದ ಡೇಟಾಕ್ಕೆ `NeweyWest` ಇದೆ. ಆದರೆ ಅಲ್ಲಿ ಒಂದು ಅಪವಾದ ಮರೆಯಬೇಡಿ: ಹಿಂದಿನ ತಿಂಗಳ ಫಲಿತಾಂಶವನ್ನೇ ಈ ತಿಂಗಳ ಅಂಶವಾಗಿ ಬಳಸಿದ್ದು, ದೋಷಗಳಿಗೂ ತಿಂಗಳಿಂದ ತಿಂಗಳಿಗೆ ನಂಟಿದ್ದರೆ, ಆ ಅಂಶಕ್ಕೂ ದೋಷಕ್ಕೂ ನಂಟು ಬಂದೇ ಬರುತ್ತದೆ. ಆಗ ಇದು ಸ್ಟ್ಯಾಂಡರ್ಡ್ ಎರರ್ ಸಮಸ್ಯೆಯಾಗಿ ಉಳಿಯದೆ ಹಂತ 2ರ ಸಮಸ್ಯೆಯಾಗುತ್ತದೆ, ಗುಣಾಂಕವೇ ಕೆಡುತ್ತದೆ.

## ಹಂತ 6: ಅಂಶಗಳು ಒಂದನ್ನೊಂದು ಹೋಲುತ್ತವೆಯೇ?

ಇದಕ್ಕೆ ಮಲ್ಟಿಕೊಲಿನಿಯಾರಿಟಿ ಎನ್ನುತ್ತಾರೆ. ಒಂದು ಅಂಶ ಉಳಿದವುಗಳಿಂದ ಪೂರ್ತಿಯಾಗಿ ಲೆಕ್ಕ ಹಾಕಬಹುದಾದದ್ದು ಆಗಬಾರದು, ಗೃಹೀತ ಇರುವುದು ಇಷ್ಟೇ. ತೂಕವನ್ನು ಪೌಂಡ್‌ನಲ್ಲೂ ಕೆ.ಜಿ.ಯಲ್ಲೂ ಸೇರಿಸಿದರೆ ಆರ್ ಒಂದಕ್ಕೆ `NA` ಕೊಡುತ್ತದೆ. ಅದಕ್ಕಿಂತ ಕಡಿಮೆಯ ಹೋಲಿಕೆ ಗೃಹೀತವನ್ನು ಮುರಿಯುವುದಿಲ್ಲ, ಬಯಾಸ್ ತರುವುದಿಲ್ಲ, ಸ್ಟ್ಯಾಂಡರ್ಡ್ ಎರರ್ ಸುಳ್ಳಾಗುವುದೂ ಇಲ್ಲ. ಅದು ದೊಡ್ಡದಾಗುತ್ತದೆ, ಅಷ್ಟೇ, ಮತ್ತು ಆ ದೊಡ್ಡ ಸಂಖ್ಯೆ ಪ್ರಾಮಾಣಿಕವಾದದ್ದು.

`disp` ಒಂದನ್ನೇ ಹಾಕಿದರೆ ಅದರ ಗುಣಾಂಕ −0.0412, ಸ್ಟ್ಯಾಂಡರ್ಡ್ ಎರರ್ 0.0047. `lm(mpg ~ disp + hp + wt, data = mtcars)` ಎಂದಾಗ ಅದೇ ಗುಣಾಂಕ −0.0009, ಎರರ್ 0.0104. ಇದೇ ಹೊತ್ತಿಗೆ ತೂಕದ ಎರರ್ 0.63ರಿಂದ 1.07ಕ್ಕೆ ಏರಿತು, ಗುಣಾಂಕ ಮಾತ್ರ −3.88ರಿಂದ −3.80ಕ್ಕೆ ಬಂದು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಉಬ್ಬುವಿಕೆಯ ಅಳತೆ ವಿಐಎಫ್: ಒಂದು ಅಂಶವನ್ನು ಉಳಿದ ಅಂಶಗಳ ಮೇಲೆ ರಿಗ್ರೆಸ್ ಮಾಡಿದಾಗ ಬರುವ R² ಅನ್ನು 1ರಿಂದ ಕಳೆದು, 1ನ್ನು ಅದರಿಂದ ಭಾಗಿಸಿ. ತೂಕದ ವಿಐಎಫ್ ಎರಡು ಅಂಶಗಳ ಮಾದರಿಯಲ್ಲಿ 1.77 ಇದ್ದದ್ದು ಮೂರರಲ್ಲಿ 4.84, `disp`ನದ್ದು 7.32.

ವಿಐಎಫ್ 5 ಅಥವಾ 10 ದಾಟಿದ ಕೂಡಲೇ ಅಂಶವನ್ನು ಕಿತ್ತುಹಾಕುವ ಪದ್ಧತಿ ಅಪಾಯಕಾರಿ. ಕಿತ್ತುಹಾಕಿದ ಅಂಶಕ್ಕೆ ನಿಜವಾದ ಪ್ರಭಾವ ಇದ್ದರೆ ನೀವು ನೇರವಾಗಿ ಹಂತ 2ಕ್ಕೆ ಮರಳುತ್ತೀರಿ: ದೊಡ್ಡ ಆದರೆ ಪ್ರಾಮಾಣಿಕ ಅನಿಶ್ಚಿತತೆಯನ್ನು ಕೊಟ್ಟು, ಸಣ್ಣ ಆದರೆ ವಾಲಿದ ಉತ್ತರ ತಂದುಕೊಂಡಂತೆ. `disp` ಬಿಡುವುದಾದರೆ ಅದಕ್ಕೆ ಕಾರಣ ವಿಐಎಫ್ ಆಗಬಾರದು. ತೂಕ ಮತ್ತು ಶಕ್ತಿ ಗೊತ್ತಿದ್ದಾಗ ಎಂಜಿನ್ ಗಾತ್ರ ಮೈಲೇಜಿಗೆ ಬೇರೇನೂ ಮಾಡುವುದಿಲ್ಲ ಎಂಬ ನಿಮ್ಮ ತಿಳಿವಳಿಕೆ ಆಗಬೇಕು.

## ಹಂತ 7: ದೋಷ ನಾರ್ಮಲ್ ಹಂಚಿಕೆಯಲ್ಲಿದೆಯೇ?

ಗುಣಾಂಕದಲ್ಲಿ ಬಯಾಸ್ ಇಲ್ಲದಿರಲು ಈ ಗೃಹೀತ ಬೇಕಿಲ್ಲ. ಗಾಸ್–ಮಾರ್ಕೋವ್ ಪ್ರಮೇಯದಲ್ಲೂ ಇದು ಇಲ್ಲ. ಸಣ್ಣ ಸ್ಯಾಂಪಲ್‌ನಲ್ಲಿ t ಪರೀಕ್ಷೆ ಮತ್ತು p ಮೌಲ್ಯ ಕರಾರುವಾಕ್ಕಾಗಿರಲು ಮಾತ್ರ ಬೇಕು. ನೂರಾರು ಸಾಲುಗಳಾದ ಮೇಲೆ ದೋಷದ ಬಾಲ ಅತಿ ಉದ್ದ ಇಲ್ಲದಿದ್ದರೆ ಅದೂ ಬೇಕಿಲ್ಲ. ಒಂದೊಂದು ಬಿಡಿ ಅಳತೆಗೆ ಮುನ್ಸೂಚನೆಯ ಮಧ್ಯಂತರ ಕೊಡುವುದಾದರೆ ಮಾತ್ರ ಎಷ್ಟು ದೊಡ್ಡ ಡೇಟಾದಲ್ಲೂ ಹಂಚಿಕೆಯ ಆಕಾರ ಮುಖ್ಯ.

ಪರೀಕ್ಷಿಸುವುದಾದರೆ `resid(m2)` ಮೇಲೆ ಪರೀಕ್ಷಿಸಿ, `mtcars$mpg` ಮೇಲೆ ಅಲ್ಲ. ಮೈಲೇಜಿನ ಹಂಚಿಕೆ ಹೇಗೂ ಇರಬಹುದು, ಗೃಹೀತ ಅದರ ಬಗ್ಗೆ ಏನೂ ಹೇಳುವುದಿಲ್ಲ. ಅಂಶಗಳ ಹಂಚಿಕೆಗೂ ಇದೇ ಮಾತು. `qqnorm(resid(m2)); qqline(resid(m2))` ಎಂದು ಕೊಟ್ಟು, ಗೆರೆಯಿಂದ ತೀರಾ ದೂರ ಹೋದ ಬಿಂದು ಯಾವ ಕಾರು ಎಂದು ಹೆಸರು ಹಿಡಿದು ನೋಡಿ. ಆ ಒಂದು ಕಾರನ್ನು ಬಿಟ್ಟು ಮತ್ತೆ `lm` ಓಡಿಸಿದಾಗ ಗುಣಾಂಕ ತನ್ನ ಸ್ಟ್ಯಾಂಡರ್ಡ್ ಎರರ್‌ನ ಅರ್ಧಕ್ಕಿಂತ ಹೆಚ್ಚು ಕದಲಿದರೆ, ಎರಡೂ ಫಲಿತಾಂಶಗಳನ್ನು ವರದಿಯಲ್ಲಿ ಕೊಡಿ. ಆ ಕಾರನ್ನು ಸದ್ದಿಲ್ಲದೆ ತೆಗೆದುಹಾಕಬೇಡಿ; ಟೊಯೋಟಾ ಕೊರೊಲ್ಲಾ ಮತ್ತು ಕ್ರೈಸ್ಲರ್ ಇಂಪೀರಿಯಲ್‌ಗಳನ್ನು ತೆಗೆದಿದ್ದರೆ ಹಂತ 1ರ ಬಾಗು ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.